ಧೂಮಕೇತುವಿನ ಎರಡು ಬಾಲ: ಗ್ರಾಫ್ ಹಾಳೆಯ ಮೇಲೆ ನೀವೇ ಬರೆದು ನೋಡಿ

ಧೂಮಕೇತುವಿನ ಫೋಟೋ ನೋಡಿದ ತಕ್ಷಣ ಬಹಳ ಜನ ಅಂದುಕೊಳ್ಳುವುದು, ಅದು ಮುಂದೆ ಓಡುತ್ತಿದೆ, ಬಾಲ ಹಿಂದೆ ಹಾರುತ್ತಿದೆ ಅಂತ. ಆ ಚಿತ್ರವನ್ನು ಮೊದಲು ತಲೆಯಿಂದ ತೆಗೆದುಹಾಕಬೇಕು. ಬಾಲ ಎತ್ತ ತಿರುಗಬೇಕು ಅಂತ ತೀರ್ಮಾನ ಮಾಡುವುದು ಮುಖ್ಯವಾಗಿ ಸೂರ್ಯ. ಧೂಮಕೇತು ಸೂರ್ಯನನ್ನು ಸುತ್ತಿ ವಾಪಸ್ ಹೊರಟಾಗ ಬಾಲ ಅದರ ಮುಂದೆಯೇ ಇರುತ್ತದೆ, ತಲೆ ಹಿಂದಿನಿಂದ ಬರುತ್ತಿರುತ್ತದೆ. ಗಾಳಿಯೇ ಇಲ್ಲದ ಜಾಗದಲ್ಲಿ ಓಡುವ ವಸ್ತುವಿನ ಹಿಂದೆ ಏನಾದರೂ ಹಾರಾಡುತ್ತ ಬರುವುದಕ್ಕೆ ಕಾರಣವೇ ಇಲ್ಲ, ಅಲ್ವಾ?

ಇದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಪೂರ್ತಿ ಅರ್ಥವಾಗುವುದಿಲ್ಲ. ಒಂದು ಸಲ ಬರೆದು ನೋಡಿದರೆ ಆಗುತ್ತದೆ. ಹಾಗಾಗಿ ಇಲ್ಲಿ ಒಂದೇ ಒಂದು ಧೂಮಕೇತುವನ್ನು, ಒಂದೇ ಒಂದು ದಿನದ ಸ್ಥಿತಿಯನ್ನು ತೆಗೆದುಕೊಂಡು, ಅದರ ಎರಡೂ ಬಾಲಗಳನ್ನು ಅಳತೆಗೆ ತಕ್ಕಂತೆ ಬರೆಯೋಣ. ಧೂಮಕೇತು ಹೇಲ್-ಬಾಪ್. ದಿನ 1997ರ ಏಪ್ರಿಲ್ 1, ಅದು ಸೂರ್ಯನಿಗೆ ಅತಿ ಹತ್ತಿರ ಬಂದ ದಿನ. ಆಗ ಅದರ ಒಂದು ಬಾಲ ಬಿಳಿ-ಹಳದಿಯಾಗಿ ಅಗಲವಾಗಿ ಬಾಗಿತ್ತು, ಇನ್ನೊಂದು ನೀಲಿಯಾಗಿ ಸಣ್ಣಗೆ ನೇರವಾಗಿತ್ತು. ನಮ್ಮಲ್ಲಿ ಸಂಜೆ ಸೂರ್ಯ ಮುಳುಗಿದ ಮೇಲೆ ವಾಯವ್ಯದಲ್ಲಿ, ದಿಗಂತದಿಂದ ಅಷ್ಟೇನೂ ಎತ್ತರವಿಲ್ಲದೆ ಬರಿಗಣ್ಣಿಗೇ ಕಾಣುತ್ತಿತ್ತು. ನೋಡಿದವರಿಗೆ ನೆನಪಿರುತ್ತದೆ.

ಬೇಕಾಗುವುದು ಎ4 ಅಳತೆಯ ಮಿಲಿಮೀಟರ್ ಗ್ರಾಫ್ ಹಾಳೆ, ಸ್ಕೇಲು, ಚೂಪಾದ ಪೆನ್ಸಿಲ್, ಒಂದು ನೀಲಿ ಪೆನ್ಸಿಲ್, ಕೋನಮಾಪಕ. ಅಷ್ಟೇ.

ಮೊದಲು ಸೂರ್ಯ ಮತ್ತು ದಾರಿ

ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ. ಎಡ ಅಂಚಿನ ಹತ್ತಿರ, ಕೆಳಗಿನಿಂದ 12 ಸೆಂಟಿಮೀಟರ್ ಮೇಲೆ ಒಂದು ಚುಕ್ಕಿ ಇಡಿ. ಅದು ಸೂರ್ಯ. ನಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ಹತ್ತು ಲಕ್ಷ ಕಿಲೋಮೀಟರ್. ಏಪ್ರಿಲ್ 1ರಂದು ಹೇಲ್-ಬಾಪ್ ಸೂರ್ಯನಿಂದ ಸುಮಾರು 13 ಕೋಟಿ 70 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು, ಅಂದರೆ ಸೂರ್ಯನ ಬಲಕ್ಕೆ ನೇರವಾಗಿ 137 ಮಿಲಿಮೀಟರ್. ಅಲ್ಲೊಂದು ಚುಕ್ಕಿ ಇಟ್ಟು "ತಲೆ" ಎಂದು ಬರೆಯಿರಿ. ಅದು ಈ ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಸಾಗುತ್ತಿದೆ, ಸೆಕೆಂಡಿಗೆ ಸುಮಾರು 44 ಕಿಲೋಮೀಟರ್ ವೇಗದಲ್ಲಿ. ದಿನಕ್ಕೆ 38 ಲಕ್ಷ ಕಿಲೋಮೀಟರ್ ಆಯಿತು.

ಈಗ ಹಿಂದಿನ ದಿನಗಳು. ಸೂರ್ಯನಿಂದಲೇ ಅಳೆಯಿರಿ, ಮಿಲಿಮೀಟರ್ ಲೆಕ್ಕ:

10 ದಿನ ಮುಂಚೆ: ಬಲಕ್ಕೆ 134, ಕೆಳಕ್ಕೆ 38.
20 ದಿನ ಮುಂಚೆ: ಬಲಕ್ಕೆ 127, ಕೆಳಕ್ಕೆ 74.
30 ದಿನ ಮುಂಚೆ: ಬಲಕ್ಕೆ 115, ಕೆಳಕ್ಕೆ 108.5.

ಈ ಮೂರು ಚುಕ್ಕಿಗಳನ್ನೂ ತಲೆಯನ್ನೂ ಕೈಯಿಂದ ನಯವಾಗಿ ಸೇರಿಸಿ. ಸೂರ್ಯನ ಕಡೆಗೆ ಬಾಗಿದ ದಾರಿ ಸಿಗುತ್ತದೆ. (ಈ ಅಂಕಿಗಳನ್ನು ದಾರಿ ಪರವಲಯ ಎಂದಿಟ್ಟುಕೊಂಡು ಲೆಕ್ಕ ಹಾಕಿದ್ದು. ಹೇಲ್-ಬಾಪ್‌ನ ನಿಜವಾದ ಕಕ್ಷೆ ತುಂಬಾ ಉದ್ದನೆಯ ದೀರ್ಘವೃತ್ತ, ಆದರೆ ಸೂರ್ಯನ ಹತ್ತಿರದ ಈ ತುಂಡಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಪೆನ್ಸಿಲ್ ಗೆರೆಯ ದಪ್ಪದಷ್ಟೂ ಇಲ್ಲ.)

ಕೊನೆಗೆ ಸೂರ್ಯನಿಂದ ತಲೆಗೆ ಒಂದು ಗೆರೆ ಎಳೆದು, ಅದನ್ನು ತಲೆಯಾಚೆಗೂ ಹಾಳೆಯ ಬಲ ಅಂಚಿನ ತನಕ ಮುಂದುವರಿಸಿ. ಇದನ್ನು ಸೂರ್ಯನ ಗೆರೆ ಅನ್ನೋಣ. ಮುಂದಿನ ಎಲ್ಲ ಕೋನಗಳನ್ನೂ ಇದರಿಂದಲೇ ಅಳೆಯುವುದು.

ಧೂಳಿನ ಬಾಲ

ಸೂರ್ಯನ ಬಿಸಿಗೆ ಧೂಮಕೇತುವಿನ ಹಿಮ ನೇರವಾಗಿ ಆವಿಯಾಗುತ್ತದೆ. ಆ ಆವಿ ಹೊರಗೆ ನುಗ್ಗುವಾಗ ಧೂಳನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ತಲೆಯಿಂದ ಬಿಡುಗಡೆಯಾದ ಕ್ಷಣದಲ್ಲಿ ಧೂಳಿನ ಕಣಕ್ಕೆ ಹೆಚ್ಚುಕಡಿಮೆ ಧೂಮಕೇತುವಿನದೇ ವೇಗ, ಅದರದೇ ದಿಕ್ಕು. ಹಾಗಿದ್ದರೆ ಅದು ಜೊತೆಯಲ್ಲೇ ಸಾಗಬೇಕಿತ್ತಲ್ಲ? ಯಾಕೆ ಬೇರೆಯಾಗುತ್ತದೆ?

ಬೆಳಕಿನಿಂದ. ಬೆಳಕು ಬಿದ್ದ ಜಾಗವನ್ನು ತಳ್ಳುತ್ತದೆ. ಈ ತಳ್ಳು ಎಷ್ಟು ಸಣ್ಣದೆಂದರೆ ಕಲ್ಲಿಗೆ, ಕೊಡಕ್ಕೆ, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಕಣ ಸಣ್ಣದಾದಂತೆ ಅದರ ತೂಕ ಬೇಗ ಇಳಿಯುತ್ತದೆ, ಬೆಳಕು ಬೀಳುವ ಮೈ ಅಷ್ಟು ಬೇಗ ಇಳಿಯುವುದಿಲ್ಲ. ಸುಮಾರು ಒಂದು ಮೈಕ್ರಾನ್ ಅಳತೆಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಬಂದರೆ, ಬೆಳಕಿನ ತಳ್ಳು ಸೂರ್ಯನ ಗುರುತ್ವದ ಎಳೆತಕ್ಕೆ ಸಮ ಆಗಿಬಿಡಬಹುದು. ಇಲ್ಲಿ ಒಂದು ಮುಖ್ಯ ವಿಷಯ: ದೂರ ಎರಡು ಪಟ್ಟಾದರೆ ಗುರುತ್ವವೂ ಕಾಲು ಭಾಗಕ್ಕೆ ಇಳಿಯುತ್ತದೆ, ಬೆಳಕೂ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಕಣಕ್ಕೆ ಇವೆರಡೂ ಸಮ ಆಗಿದ್ದರೆ ಅದು ಎಲ್ಲಿಗೇ ಹೋದರೂ ಸಮವೇ. ಅಂಥ ಕಣಕ್ಕೆ ಸೂರ್ಯ ಇಲ್ಲವೇ ಇಲ್ಲ ಅನ್ನುವಂತೆ ಆಗುತ್ತದೆ, ಅದು ಹೊರಟ ದಿಕ್ಕಿನಲ್ಲೇ ನೇರ ಗೆರೆಯಲ್ಲಿ ಸಾಗುತ್ತದೆ.

ನಮಗೆ ಬೇಕಾಗಿದ್ದೇ ಇದು. ನೇರ ಗೆರೆಯನ್ನು ಸ್ಕೇಲಿನಲ್ಲಿ ಎಳೆಯಬಹುದು!

10 ದಿನ ಮುಂಚಿನ ಚುಕ್ಕಿಗೆ ಹೋಗಿ. ಅಲ್ಲಿಂದ ಬಲಕ್ಕೆ 5, ಮೇಲಕ್ಕೆ 37.5 ಮಿಲಿಮೀಟರ್ ಸರಿದು ಒಂದು ಚುಕ್ಕಿ ಇಡಿ. ಅವತ್ತು ಧೂಮಕೇತುವಿಗೆ ಇದ್ದ ವೇಗ ಮತ್ತು ದಿಕ್ಕಿನಲ್ಲೇ 10 ದಿನ ನೇರವಾಗಿ ಹೋದರೆ ಕಣ ಏಪ್ರಿಲ್ 1ಕ್ಕೆ ತಲುಪುವ ಜಾಗ ಅದು. 20 ದಿನ ಮುಂಚಿನ ಚುಕ್ಕಿಯಿಂದ ಬಲಕ್ಕೆ 19, ಮೇಲಕ್ಕೆ 71. 30 ದಿನ ಮುಂಚಿನದರಿಂದ ಬಲಕ್ಕೆ 39, ಮೇಲಕ್ಕೆ 98.5. ಪ್ರತಿ ಸಲವೂ ಹಳೆಯ ಚುಕ್ಕಿಯಿಂದ ಹೊಸ ಚುಕ್ಕಿಗೆ ಸ್ಕೇಲಿಟ್ಟು ತೆಳುವಾಗಿ ಗೆರೆ ಎಳೆದರೆ, ಅದು ದಾರಿಯನ್ನು ಆ ಜಾಗದಲ್ಲಿ ಮುಟ್ಟಿಕೊಂಡು ಹೊರಗೆ ಹೋಗುವುದು ಕಾಣುತ್ತದೆ. ಹಾಗೆ ಕಾಣದಿದ್ದರೆ ಎಲ್ಲೋ ಅಳತೆ ತಪ್ಪಿದೆ, ಮತ್ತೆ ನೋಡಿ.

ಈಗ ಹೊಸ ಮೂರು ಚುಕ್ಕಿಗಳನ್ನು ಮಾತ್ರ ನೋಡಿ. ಸೂರ್ಯನಿಂದ ಅಳೆದರೆ ಅವು ಹೆಚ್ಚುಕಡಿಮೆ ಹೀಗೆ ಬರುತ್ತವೆ: ಬಲಕ್ಕೆ 139, ಗೆರೆಯಿಂದ ಅರ್ಧ ಮಿಲಿಮೀಟರ್ ಕೆಳಗೆ. ಬಲಕ್ಕೆ 146, 3 ಕೆಳಗೆ. ಬಲಕ್ಕೆ 154, 10 ಕೆಳಗೆ. ತಲೆಯಿಂದ ಶುರು ಮಾಡಿ ಈ ಮೂರನ್ನೂ ನಯವಾಗಿ ಸೇರಿಸಿ. ಹೇಲ್-ಬಾಪ್ ಫೋಟೋದಲ್ಲಿ ಕಾಣುವ ಬಾಗಿದ ಬಾಲ ನಿಮ್ಮ ಹಾಳೆಯ ಮೇಲೆ ಬಂತು!

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಯಾವ ಕಣವೂ ಬಾಲದ ಉದ್ದಕ್ಕೆ ಹರಿದು ಬಂದಿಲ್ಲ. ಮೂರೂ ಬೇರೆ ಬೇರೆ ದಿನ ಹೊರಟು, ಬೇರೆ ಬೇರೆ ನೇರ ದಾರಿಯಲ್ಲಿ ಬಂದು, ಇವತ್ತು ನಾವು ನೋಡಿದ ಕ್ಷಣದಲ್ಲಿ ಎಲ್ಲಿವೆಯೋ ಅಲ್ಲಿವೆ, ಅಷ್ಟೇ. ಬಾಗು ಕಾಣುವುದು ನಾವು ಅವನ್ನು ಸೇರಿಸಿ ನೋಡುವುದರಿಂದ. ಸೂರ್ಯನಿಂದ ಹೊರಗೆ ಯಾಕೆ ಹೋದವು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬೆಳಕು ಕಣವನ್ನು ಸೂರ್ಯನಿಂದ ಆಚೆಗೆ ತಳ್ಳುವುದು ಅಂದರೆ, ಧೂಮಕೇತುವಿನ ಮಟ್ಟಿಗೆ ನೋಡಿದರೆ, ಸೂರ್ಯನ ಎಳೆತ ಕಡಿಮೆ ಆಯಿತು ಎಂದರ್ಥ. ಧೂಮಕೇತು ಪೂರ್ತಿ ಎಳೆತಕ್ಕೆ ಸಿಕ್ಕಿ ಒಳಗೆ ಬಾಗಿತು, ಕಣ ಬಾಗಲಿಲ್ಲ. ಹಾಗಾಗಿ ಅದು ಹೊರಗೆ ಉಳಿಯಿತು. ಹೊರಗಿನ ದಾರಿಯಲ್ಲಿ ಹೋಗುವವರು ಸೂರ್ಯನ ಸುತ್ತ ಅಷ್ಟೇ ಕೋನ ತಿರುಗಲು ಜಾಸ್ತಿ ದೂರ ಹೋಗಬೇಕು, ಅದಕ್ಕೇ ಹಿಂದೆಯೂ ಬಿತ್ತು.

ಕೋನಮಾಪಕವನ್ನು ತಲೆಯ ಮೇಲಿಟ್ಟು ಸೂರ್ಯನ ಗೆರೆಯಿಂದ ಮೂರೂ ಚುಕ್ಕಿಗಳ ಕೋನ ಅಳೆಯಿರಿ. ಹತ್ತು ದಿನದ ಕಣಕ್ಕೆ ಸುಮಾರು 10ರಿಂದ 15 ಡಿಗ್ರಿ (ಇದು ತಲೆಗೆ ತೀರಾ ಹತ್ತಿರ ಇರುವುದರಿಂದ ಅಳತೆ ಕಷ್ಟ), ಇಪ್ಪತ್ತು ದಿನದ್ದಕ್ಕೆ 20, ಮೂವತ್ತು ದಿನದ್ದಕ್ಕೆ 29. ತಲೆಯ ಹತ್ತಿರ ಧೂಳಿನ ಬಾಲ ಸೂರ್ಯನ ಗೆರೆಗೆ ಅಂಟಿಕೊಂಡೇ ಶುರುವಾಗುತ್ತದೆ, ದೂರ ಹೋದಂತೆ ದೂರ ಸರಿಯುತ್ತದೆ. ಫೋಟೋಗಳಲ್ಲಿ ಎರಡು ಬಾಲಗಳೂ ಬುಡದಲ್ಲಿ ಒಂದೇ ಆಗಿ, ಮೇಲೆ ಹೋದಮೇಲೆ ಕವಲಾಗುವುದು ಇದಕ್ಕೇ.

ಇನ್ನೊಂದು ಕೆಲಸ ಬಾಕಿ. ಎಲ್ಲ ಕಣಗಳೂ ಇಷ್ಟು ಸಣ್ಣವಲ್ಲ. ಹತ್ತು ಪಟ್ಟು ದೊಡ್ಡ ಕಣಕ್ಕೆ ತಳ್ಳಿನ ಪಾಲು ಹತ್ತನೇ ಒಂದು, ಅದು ಧೂಮಕೇತುವಿನ ಜೊತೆಗೇ ಬಹುಪಾಲು ಬಾಗುತ್ತದೆ. ತಲೆಯಿಂದ ಪ್ರತಿ ಹೊಸ ಚುಕ್ಕಿಗೂ ಒಂದೊಂದು ನೇರ ಗೆರೆ ಎಳೆಯಿರಿ. ಒಂದೇ ದಿನ ಹೊರಟ ದೊಡ್ಡ ಕಣಗಳು ಸುಮಾರಾಗಿ ಆ ದಿನದ ಗೆರೆಯ ಮೇಲೇ, ದೊಡ್ಡದಾದಷ್ಟೂ ತಲೆಗೆ ಹತ್ತಿರ ಇರುತ್ತವೆ. ಎಲ್ಲ ದಿನಗಳ, ಎಲ್ಲ ಅಳತೆಗಳ ಕಣ ಸೇರಿದರೆ ಒಂದು ಗೆರೆಯಲ್ಲ, ಒಂದು ಅಗಲವಾದ ಬೀಸು ತುಂಬಿಕೊಳ್ಳುತ್ತದೆ. ಧೂಳಿನ ಬಾಲ ಅಗಲವಾಗಿ, ಅಂಚು ಮಸುಕಾಗಿ ಇರುವುದಕ್ಕೆ ಕಾರಣ ಇದೇ. ಬಣ್ಣಕ್ಕೆ ಬೇರೆ ಗುಟ್ಟೇನಿಲ್ಲ, ಧೂಳು ಸೂರ್ಯನ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ, ಅದಕ್ಕೆ ಬಿಳಿ-ಹಳದಿ.

ನೀಲಿ ಬಾಲ

ಇದರ ಕತೆ ಪೂರ್ತಿ ಬೇರೆ. ಇದು ಧೂಳಲ್ಲ, ಅನಿಲ. ತಲೆಯಿಂದ ಹೊರಬಂದ ಅನಿಲದ ಅಣುಗಳಿಗೆ ಸೂರ್ಯನ ನೇರಳಾತೀತ ಕಿರಣ ಬಡಿದು, ಕೆಲವು ಅಣುಗಳು ಒಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಆಗ ಅವು ವಿದ್ಯುತ್ ಆವೇಶ ಇರುವ ಅಯಾನುಗಳು. ಬಾಲದ ನೀಲಿ ಬಣ್ಣ ಬರುವುದು ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್ ಅಯಾನಿನಿಂದ. ಅದು ಧೂಳಿನ ಹಾಗೆ ಬಿಸಿಲನ್ನು ತಿರುಗಿಸಿ ಕಳಿಸುವುದಲ್ಲ, ಬಿಸಿಲನ್ನು ಹೀರಿ ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ.

ಸೂರ್ಯನಿಂದ ಬೆಳಕಷ್ಟೇ ಅಲ್ಲ, ಪ್ರೋಟಾನು ಎಲೆಕ್ಟ್ರಾನುಗಳೂ ಸದಾ ಹೊರಗೆ ಹರಿಯುತ್ತಿರುತ್ತವೆ. ಇದು ಸೌರ ಮಾರುತ. ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರ್ ವೇಗ, ಕೆಲವೊಮ್ಮೆ ಇದರ ಎರಡು ಪಟ್ಟು. ಅದು ತನ್ನ ಜೊತೆಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಧೂಮಕೇತುವಿನ ಸುತ್ತ ಅಯಾನುಗಳು ತುಂಬಿರುವ ಜಾಗಕ್ಕೆ ಬಂದಾಗ ಆ ಕಾಂತರೇಖೆಗಳ ಮಧ್ಯಭಾಗ ನಿಧಾನವಾಗುತ್ತದೆ, ಎರಡೂ ಬದಿ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತವೆ. ಹೀಗೆ ರೇಖೆಗಳು ತಲೆಯನ್ನು ಬಳಸಿಕೊಂಡು ಸೂರ್ಯನಿಂದಾಚೆಗೆ ಮಡಚಿಕೊಳ್ಳುತ್ತವೆ. ಆ ಮಡಿಕೆಯ ಒಳಗೆ ಸಿಕ್ಕಿದ ಅಯಾನುಗಳು ಆಚೆಗೇ ಎಳೆದುಕೊಂಡು ಹೋಗಲ್ಪಡುತ್ತವೆ.

ಹಾಗಾದರೆ ಸೌರ ಮಾರುತ ಧೂಳನ್ನೂ ತಳ್ಳುವುದಿಲ್ಲವೇ? ಬಹಳ ಕಡೆ ಹಾಗೆ ಬರೆದಿರುತ್ತಾರೆ, ಅದು ಸರಿಯಲ್ಲ. ನಮ್ಮ ಭೂಮಿಯ ದೂರದಲ್ಲಿ ಬಿಸಿಲಿನ ಒತ್ತಡ ಸೌರ ಮಾರುತದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ. ಧೂಳಿಗೆ ಬೆಳಕೇ ಎಲ್ಲ. ಅಯಾನುಗಳ ಮೇಲೆ ಅಷ್ಟು ತೆಳುವಾದ ಮಾರುತ ಕೆಲಸ ಮಾಡುವುದು ಕಾಂತಕ್ಷೇತ್ರದ ಹಿಡಿತ ಇರುವುದರಿಂದ ಮಾತ್ರ. ಎರಡು ಬಾಲ, ಎರಡು ಬೇರೆ ಬಲ. ಎರಡೂ ಸೂರ್ಯನಿಂದಲೇ ಹೊರಡುವುದರಿಂದ ಎರಡೂ ಆಚೆಗೆ.

ಈಗ ಇದನ್ನು ಬರೆಯೋಣ, ಇದು ಸುಲಭ. ಮಾರುತ ಸೂರ್ಯನಿಂದ ನೇರ ಬಲಕ್ಕೆ ಸೆಕೆಂಡಿಗೆ 400 ಕಿಲೋಮೀಟರ್ ಬರುತ್ತಿದೆ, ಧೂಮಕೇತು ಮೇಲಕ್ಕೆ 44ರಲ್ಲಿ ಹೋಗುತ್ತಿದೆ. ನಿಂತ ಜಾಗದಲ್ಲಿ ನೇರವಾಗಿ ಬೀಳುವ ಮಳೆ, ಬೈಕಿನಲ್ಲಿ ಹೋಗುವವರ ಮುಖಕ್ಕೆ ಓರೆಯಾಗಿ ಹೊಡೆಯುತ್ತದಲ್ಲ, ಹಾಗೆಯೇ ಧೂಮಕೇತುವಿಗೆ ಈ ಮಾರುತ ಸ್ವಲ್ಪ ಓರೆಯಾಗಿ ಬೀಸುತ್ತದೆ. ಓರೆ ಎಷ್ಟು? 400ಕ್ಕೆ 44, ಅಂದರೆ ಬಲಕ್ಕೆ 50 ಮಿಲಿಮೀಟರ್ ಹೋದರೆ 5.5 ಕೆಳಗೆ. ತಲೆಯಿಂದ ಅಷ್ಟು ಅಳೆದು ನೀಲಿ ಪೆನ್ಸಿಲಿನಲ್ಲಿ ನೇರ ಗೆರೆ ಎಳೆಯಿರಿ. ಸೂರ್ಯನ ಗೆರೆಯಿಂದ ಬರೀ 6 ಡಿಗ್ರಿ.

ಈ 6 ಡಿಗ್ರಿಯನ್ನು ಹಗುರವಾಗಿ ನೋಡಬೇಡಿ. ಸೌರ ಮಾರುತ ಇದೆ ಅಂತ ಯಾವ ನೌಕೆಯೂ ಅಳೆಯುವುದಕ್ಕೆ ಮೊದಲೇ, 1951ರಲ್ಲಿ ಜರ್ಮನಿಯ ಲುಡ್ವಿಗ್ ಬಿಯರ್ಮನ್ ಧೂಮಕೇತುಗಳ ಅನಿಲದ ಬಾಲಗಳನ್ನು ನೋಡಿಯೇ, ಸೂರ್ಯನಿಂದ ಕಣಗಳ ಹರಿವು ಎಲ್ಲ ದಿಕ್ಕಿಗೂ ಎಲ್ಲ ಕಾಲದಲ್ಲೂ ಇರಲೇಬೇಕು ಎಂದು ವಾದಿಸಿದರು. 1962ರಲ್ಲಿ ಮ್ಯಾರಿನರ್ 2 ನೌಕೆ ಶುಕ್ರನ ಕಡೆಗೆ ಹೋಗುವಾಗ ಅದನ್ನು ನೇರವಾಗಿ ಅಳೆಯಿತು. ಓರೆ ಕೋನ ಗೊತ್ತಿದ್ದು ಧೂಮಕೇತುವಿನ ವೇಗ ಗೊತ್ತಿದ್ದರೆ, ಮಾರುತದ ವೇಗ ಲೆಕ್ಕ ಹಾಕಬಹುದು. ನಿಮ್ಮ ಹಾಳೆಯಲ್ಲೇ ಉಲ್ಟಾ ಮಾಡಿ ನೋಡಿ: ಮಾರುತ 800 ಆಗಿದ್ದರೆ ನೀಲಿ ಗೆರೆ 3 ಡಿಗ್ರಿಗೆ ಬರುತ್ತದೆ.

ಎರಡರ ಕಾಲವೂ ಎಷ್ಟು ಬೇರೆ ನೋಡಿ. ತಲೆಯಿಂದ 2 ಕೋಟಿ ಕಿಲೋಮೀಟರ್ ದೂರ ಹೋಗಲು ನಮ್ಮ ಧೂಳಿಗೆ ಒಂದು ತಿಂಗಳು ಬೇಕಾಯಿತು. ಮಾರುತ ಅಷ್ಟು ದೂರವನ್ನು ಸುಮಾರು 14 ಗಂಟೆಯಲ್ಲಿ ಮುಗಿಸುತ್ತದೆ. ಅಯಾನುಗಳು ನಿಧಾನವಾಗಿ ಶುರುವಾಗಿ ಆಮೇಲೆ ವೇಗ ಪಡೆಯುವುದರಿಂದ ಅವಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ಆದರೂ ತಿಂಗಳೆಲ್ಲಿ, ಒಂದೆರಡು ದಿನವೆಲ್ಲಿ. ಅಷ್ಟು ಹೊತ್ತಿನಲ್ಲಿ ಧೂಮಕೇತು ದಾರಿಯಲ್ಲಿ ಹೆಚ್ಚೇನೂ ಬಾಗಿರುವುದಿಲ್ಲ, ಹಾಗಾಗಿ ನೀಲಿ ಬಾಲ ನೆಟ್ಟಗೆ.

ನಿಮ್ಮ ಫೋಟೋದಲ್ಲಿ ಹುಡುಕುವುದು ಹೇಗೆ

ಬಣ್ಣ ನೋಡಿ ತೀರ್ಮಾನಿಸಬೇಡಿ. ಊರಿನ ದೀಪಗಳ ಹಳದಿ, ಸಂಜೆಯ ಕೆಂಪು, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎಲ್ಲ ಸೇರಿ ನೀಲಿಯನ್ನು ನುಂಗಿಬಿಡುತ್ತವೆ. ನೀಲಿ ಬಾಲ ಬರಿಗಣ್ಣಿಗೆ ಕಾಣದೆ ಫೋಟೋದಲ್ಲಿ ಮಾತ್ರ ಬರುವುದೂ ಮಾಮೂಲಿ. ದಿಕ್ಕನ್ನು ನಂಬಿ. ಅದಕ್ಕೆ ಮುಳುಗಿದ ಸೂರ್ಯ ಎಲ್ಲಿದ್ದಾನೆ ಅಂತ ಗೊತ್ತಾಗಬೇಕು.

ಕಂಪ್ಯೂಟರಿನಲ್ಲಿ ಆಕಾಶ ತೋರಿಸುವ Stellarium ತಂತ್ರಾಂಶ ತೆರೆಯಿರಿ. F6 ಒತ್ತಿ ಊರು, F5 ಒತ್ತಿ ಫೋಟೋ ತೆಗೆದ ದಿನಾಂಕ ಮತ್ತು ಸಮಯ ಕೊಡಿ. G ಒತ್ತಿದರೆ ನೆಲ ಮಾಯವಾಗುತ್ತದೆ, A ಒತ್ತಿದರೆ ವಾತಾವರಣದ ಬೆಳಕು ಹೋಗುತ್ತದೆ. ಈಗ ದಿಗಂತದ ಕೆಳಗಿರುವ ಸೂರ್ಯನೂ ಕಾಣುತ್ತಾನೆ. ಫೋಟೋದಲ್ಲಿ ಧೂಮಕೇತುವಿನ ಪಕ್ಕ ಇರುವ ನಕ್ಷತ್ರವನ್ನು ಪರದೆಯಲ್ಲಿ ಗುರುತಿಸಿ, ಅದರ ಮೇಲೆ ಕ್ಲಿಕ್ ಮಾಡಿ, ಸ್ಪೇಸ್ ಬಾರ್ ಒತ್ತಿ ಮಧ್ಯಕ್ಕೆ ತನ್ನಿ. ಇದನ್ನು ಬಿಡಬೇಡಿ. Stellarium ಮಾಮೂಲಿಯಾಗಿ ಆಕಾಶವನ್ನು ತೋರಿಸುವ ಸ್ಟೀರಿಯೋಗ್ರಾಫಿಕ್ ಚಿತ್ರಣದಲ್ಲಿ ಮಧ್ಯದ ಮೂಲಕ ಹಾದುಹೋಗುವ ಗೆರೆಗಳು ಮಾತ್ರ ನೇರವಾಗಿ ಉಳಿಯುತ್ತವೆ, ಬೇರೆ ಕಡೆ ಆಕಾಶದ ನೇರ ಗೆರೆ ಪರದೆಯಲ್ಲಿ ಬಾಗುತ್ತದೆ. ಆಮೇಲೆ ಸೂರ್ಯ ಕಾಣುವ ತನಕ ಜೂಮ್ ಔಟ್ ಮಾಡಿ, ಸ್ಕೇಲಿಟ್ಟು ಸೂರ್ಯನಿಂದ ಧೂಮಕೇತುವಿಗೆ ಗೆರೆ ನೋಡಿ, ಅದು ಮುಂದೆ ಯಾವ ನಕ್ಷತ್ರಗಳ ನಡುವೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಫೋಟೋದಲ್ಲಿ ಅದೇ ನಕ್ಷತ್ರಗಳ ನಡುವೆ ಗೆರೆ ಎಳೆಯಿರಿ. ಆ ಗೆರೆಗೆ ಅಂಟಿಕೊಂಡ ನೇರ ಬಾಲ ಅಯಾನಿನದು, ಒಂದು ಬದಿಗೆ ಬಾಗಿ ಸರಿದದ್ದು ಧೂಳಿನದು.

ಫೋಟೋದ ಕೋನ ಹಾಳೆಯ ಕೋನಕ್ಕೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ನಾವು ಹಾಳೆಯನ್ನು ನೇರ ಮೇಲಿನಿಂದ ನೋಡುತ್ತಿದ್ದೇವೆ, ಭೂಮಿಯಿಂದ ಆ ಕಕ್ಷೆಯ ಸಮತಲ ಓರೆಯಾಗಿ ಕಾಣುತ್ತದೆ. ನಿಮ್ಮ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನಿಧಾನವಾಗಿ ಅಡ್ಡ ಮಲಗಿಸುತ್ತ ನೋಡಿ. ಎರಡು ಬಾಲಗಳ ನಡುವಿನ ಜಾಗ ಕಿರಿದಾಗುತ್ತ ಹೋಗಿ, ಕೊನೆಗೆ ಎರಡೂ ಒಂದೇ ಗೆರೆ ಆಗುತ್ತವೆ.

ಈ ಕೊನೆಯ ಸ್ಥಿತಿಯಲ್ಲೇ ಒಂದು ವಿಚಿತ್ರ ಆಗುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಶುರುವಿನಲ್ಲಿ ಬೆಳಗಿನ ಜಾವ ಬೆಂಗಳೂರಿನಿಂದಲೂ ಬಹಳ ಜನ ಫೋಟೋ ತೆಗೆದ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನೇ ತೆಗೆದುಕೊಳ್ಳಿ. ಅದು ಅಕ್ಟೋಬರ್ 14ರ ಆಸುಪಾಸು ಸಂಜೆಯ ಆಕಾಶಕ್ಕೆ ಬಂದಾಗ, ಭೂಮಿ ಅದರ ಕಕ್ಷೆಯ ಸಮತಲವನ್ನು ದಾಟಿತು. ಆಗ ತೆಗೆದ ಫೋಟೋಗಳಲ್ಲಿ ಸೂರ್ಯನ ಕಡೆಗೇ ಚೂಪಾಗಿ ಚಾಚಿದ ಇನ್ನೊಂದು ಬಾಲ ಕಾಣುತ್ತದೆ. ನಿಯಮ ಮುರಿಯಿತೇ? ಇಲ್ಲ. ಬೆಳಕಿಗೆ ಅಷ್ಟಾಗಿ ಜಗ್ಗದ ದೊಡ್ಡ ಕಣಗಳು ಧೂಮಕೇತು ಬಂದ ದಾರಿಯ ಹತ್ತಿರವೇ ತೆಳುವಾದ ಹಾಳೆಯ ಹಾಗೆ ಹರಡಿಕೊಂಡಿರುತ್ತವೆ. ಅದನ್ನು ಅಂಚಿನಿಂದ ನೋಡಿದಾಗ ಧೂಳೆಲ್ಲ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಕಂಡು, ನಮ್ಮ ದೃಷ್ಟಿಕೋನದಿಂದ ತಲೆಯ ಇನ್ನೊಂದು ಬದಿಗೂ ಇಣುಕುತ್ತದೆ. ಅಂಥ ಕಣವೂ ಧೂಮಕೇತುವಿಗಿಂತ ಸೂರ್ಯನಿಗೆ ಹತ್ತಿರ ಹೋಗಿರುವುದಿಲ್ಲ, ಹಾಗೆ ಕಾಣುತ್ತದೆ ಅಷ್ಟೇ. ಕೆಲವೇ ದಿನಗಳಲ್ಲಿ ಭೂಮಿ ಆ ಸಮತಲದಿಂದ ಆಚೆ ಸರಿದರೆ ಅದು ಮಸುಕಾಗುತ್ತದೆ. ನಿಮ್ಮ ಫೋಟೋದಲ್ಲಿ ಇದು ಬಂದಿದ್ದರೆ, ಅವತ್ತು ಎರಡು ಬಾಲಗಳನ್ನು ಬೇರ್ಪಡಿಸುವ ಪ್ರಯತ್ನ ಬಿಟ್ಟು ವಾರ ಬಿಟ್ಟು ತೆಗೆದ ಫೋಟೋ ನೋಡಿ.

ತಲೆಯ ಸುತ್ತ ಕಾಣುವ ಹಸಿರನ್ನು ಯಾವ ಬಾಲಕ್ಕೂ ಸೇರಿಸಬೇಡಿ. ಅದು ಎರಡು ಕಾರ್ಬನ್ ಪರಮಾಣು ಸೇರಿದ ಅಣುವಿನ ಹೊಳಪು. ಬಾಲಕ್ಕೆ ಹೋಗುವಷ್ಟು ದೂರ ಸಾಗುವ ಮುಂಚೆಯೇ ಬಿಸಿಲು ಅದನ್ನು ಒಡೆದುಹಾಕುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ, ಒಂದೇ ಜಾಗದಿಂದ, ಒಂದೇ ಲೆನ್ಸಿನಲ್ಲಿ, ಮರುದಿನವೂ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಇಡಿ. ಧೂಳಿನ ಬಾಲದ ಆಕಾರ ಒಂದು ದಿನದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಯಾನಿನ ಬಾಲದಲ್ಲಿ ಗಂಟು, ತಿರುವು, ಎಳೆಗಳು ಬದಲಾಗಿರುತ್ತವೆ, ಕೆಲವೊಮ್ಮೆ ಗಂಟೆಗಳಲ್ಲೇ. ಸೌರ ಮಾರುತದಲ್ಲಿ ಏನೇ ಏರುಪೇರಾದರೂ ಅದು ತಕ್ಷಣ ಅಲ್ಲಿ ಕಾಣುತ್ತದೆ. 2007ರ ಏಪ್ರಿಲ್ 20ರಂದು ಸೂರ್ಯನಿಂದ ಸಿಡಿದ ಪ್ಲಾಸ್ಮಾದ ಮೋಡವೊಂದು ಎಂಕೆ ಧೂಮಕೇತುವಿಗೆ ಬಡಿದಾಗ, ಅದರ ಅಯಾನು ಬಾಲ ಪೂರ್ತಿಯಾಗಿ ಕಿತ್ತುಹೋಗಿ ದೂರ ತೇಲಿಹೋಯಿತು, ತಲೆಯಿಂದ ಹೊಸ ಬಾಲ ಬೆಳೆಯಿತು. ನಾಸಾದ ಸ್ಟೀರಿಯೋ-ಎ ನೌಕೆಯ ಕ್ಯಾಮೆರಾ ಅದನ್ನು ಚಿತ್ರದ ನಂತರ ಚಿತ್ರವಾಗಿ ಹಿಡಿದಿದೆ. ಬಾಲ ಹಾಗೆ ತುಂಡಾಗಿ ಹೊಸದು ಹುಟ್ಟುವುದು ನಿಮ್ಮ ಎರಡು ಫೋಟೋಗಳ ನಡುವೆ ಕಂಡರೆ, ಅದು ಅಯಾನಿನ ಬಾಲವೇ, ಇನ್ನು ಕೋನ ಅಳೆಯುವ ಅಗತ್ಯವಿಲ್ಲ.